ಮುಚ್ಚಿಟ್ಟ ಮೂಲಂಗಿ ಸಸಿ

ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಅಡಿಗೆಮನೆ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಅಲ್ಲಿ ಪ್ಲಾಸ್ಟಿಕ್ ಟ್ರೇ ಜೋಡಿಸಿದ ದಿನ ನಾನು ಹೊಟ್ಟೆತುಂಬ ನಕ್ಕಿದ್ದೆ. ಸಾಸಿವೆ, ಮೂಲಂಗಿ ಬಿತ್ತಿ ಬೆರಳುದ್ದ ಆಗುತ್ತಲೇ ಕತ್ತರಿಸಿ ತಿನ್ನುವುದಂತೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಆದರೆ ಗಣೇಶಗುಡಿಯ ಒಂದು ಹೋಂಸ್ಟೇ ಅಡಿಗೆಯವರು ಕೇಳಿದ್ದರು. ಶನಿವಾರ ಒಂದೊಂದು ಡಬ್ಬಿ ತಂದು ತೋರಿಸಿರಿ, ಚೆನ್ನಾಗಿದ್ದರೆ ವಾರವಾರ ತೆಗೆದುಕೊಳ್ಳುತ್ತೇವೆ ಅಂದಿದ್ದರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ವೈನಿಗೆ ತನ್ನದು ಅಂತ ಸಿಕ್ಕ ಮೊದಲ ಕೆಲಸ ಅದು.

ಅವಳ ಅಚ್ಚುಕಟ್ಟು ನೋಡಬೇಕು. ತಳಕ್ಕೆ ತೂತಿರುವ ಟ್ರೇಯಲ್ಲಿ ಒಂದಿಂಚು ತೆಂಗಿನ ನಾರಿನ ಪುಡಿ, ಅದರ ಕೆಳಗೆ ನೀರು ಹಾಕಲು ತೂತಿಲ್ಲದ ಇನ್ನೊಂದು ಟ್ರೇ. ಔಷಧಿ ಸವರದ ಬೀಜವನ್ನೇ ಹುಡುಕಿ ತಂದಿದ್ದಳು. ಮೂಲಂಗಿ ಬೀಜ ಐದಾರು ತಾಸು ನೆನೆಸುವಳು. ಸಾಸಿವೆ ನೆನೆಸಿದರೆ ಲೋಳೆಯಾಗುತ್ತದೆಂದು ಒಣಗಿದ್ದನ್ನೇ ಉದುರಿಸಿ ನೀರು ಸಿಂಪಡಿಸುವಳು. ಸಾಸಿವೆ ನಿಧಾನ, ಅದನ್ನು ಗುರುವಾರ ಬಿತ್ತಿದಳು, ಮೂಲಂಗಿಯನ್ನು ಶುಕ್ರವಾರ. ಮೇಲೆ ಟ್ರೇ ಬೋರಲು ಹಾಕಿ ಮುಚ್ಚಿದಳು.

ಭಾನುವಾರ ಅವಳು ತವರಿಗೆ, ತೇರಗಾಂವಕ್ಕೆ ಹೊರಟಳು. ಅವಳ ತಾಯಿಗೆ ಕಣ್ಣಿನ ಆಪರೇಷನ್ ಇತ್ತು. ಹೋಗುವಾಗ ನನಗೆ ಹೇಳಿದಳು: "ಸೋಮವಾರ ಮುಂಜಾನೆ ಮುಚ್ಚಳ ತೆಗಿ. ದಿನಾ ಹನ್ನೆರಡು ತಾಸು ಟ್ಯೂಬ್‌ಲೈಟ್ ಹಚ್ಚು. ನೀರು ಕೆಳಗಿನ ಟ್ರೇಕ್ಕ ಅಷ್ಟ ಹಾಕು. ಮರೀಬ್ಯಾಡ."

ನಾನು ಮರೆಯಲಿಲ್ಲ. ಅದೇ ನನಗೆ ಈಗಲೂ ನಾಚಿಕೆ. ಸೋಮವಾರ ಮುಚ್ಚಳಕ್ಕೆ ಕೈ ಹಾಕಿದ್ದೆ, ಅವ್ವ ತಡೆದಳು.

"ತೆಗೀಬ್ಯಾಡೋ! ನವರಾತ್ರ್ಯಾಗ ಘಟದ ಸಸಿ ಬೆಳಕ ನೋಡ್ತಾವೇನು? ಹಳದಿ ಆದಷ್ಟ ಚಲೋ. ಹಸರಾದ್ರ ಯಾರ್ ಮುಡೀತಾರ?"

ನಮ್ಮ ಕಡೆ ದೇವರ ಮುಂದೆ ಘಟ ಕೂಡಿಸಿ ಸುತ್ತ ಕಾಳು ಬಿತ್ತುತ್ತಾರೆ. ಕತ್ತಲಲ್ಲಿ ಬಂಗಾರದ ಹಾಗೆ ಬೆಳೆದ ಸಸಿಯನ್ನು ದಸರೆಯ ದಿನ ಮುಡಿಯುತ್ತಾರೆ. ಅವ್ವನಿಗೆ ನಲವತ್ತು ವರ್ಷದ ಅನುಭವ. ಇದು ಮುಡಿಯುವುದಲ್ಲ, ತಿನ್ನುವುದು ಅನ್ನಲು ನನಗೆ ಬಾಯಿತ್ತು. ಕೆಲಸದ ಪಾಳಿಗೆ ಹೊತ್ತಾಗಿತ್ತು, ವಾದ ಯಾರಿಗೆ ಬೇಕು ಅಂತ ಹೊರಟುಬಿಟ್ಟೆ. ಮಂಗಳವಾರ, ಬುಧವಾರವೂ ಹಾಗೇ.

ಗುರುವಾರ ಬೆಳಿಗ್ಗೆ ವೈನಿ ಬಂದವಳೇ ಮುಚ್ಚಳ ಎತ್ತಿದಳು. ಮೂಲಂಗಿ ಹಳದಿ ತಲೆ ಹೊತ್ತು ಉದ್ದಕ್ಕೆ ಬೆಳೆದಿತ್ತು. ಸಾಸಿವೆ ಮುಗ್ಗರಿಸಿ ಒಂದರ ಮೇಲೊಂದು ಬಿದ್ದಿತ್ತು. ಎರಡರ ಬುಡದಲ್ಲೂ ಬೆಳ್ಳನೆಯ ನೂಲು. ಎಲ್ಲ ಬೂಸ್ಟು ಹಿಡಿಯಿತು ಅಂದುಕೊಂಡೆ.

ಅವಳು ನೀರು ಸಿಂಪಡಿಸಿ ಬಗ್ಗಿ ನೋಡಿದಳು. ಮೂಲಂಗಿಯ ಬಿಳುಪು ನೀರು ಬಿದ್ದೊಡನೆ ಮಾಯವಾಯಿತು. "ಇದು ಬೇರಿನ ಕೂದಲ, ಏನಾಗಿಲ್ಲ," ಅಂದಳು. ಸಾಸಿವೆಯದು ಹೋಗಲಿಲ್ಲ, ಮುಗ್ಗಲು ವಾಸನೆಯೂ ಇತ್ತು. ಅದನ್ನು ಟ್ರೇಸಮೇತ ಹಿತ್ತಲಿಗೆ ಒಯ್ದು ಸುರುವಿ ಬಂದಳು. ಮೂಲಂಗಿಯನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು ಪಕ್ಕದಲ್ಲಿ ಫ್ಯಾನ್ ಹಚ್ಚಿದಳು. ಅವ್ವ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತ, "ನಾನ ತೆಗೀಬ್ಯಾಡ ಅಂದಿದ್ದೆ," ಅಂದಳು.

ಆಮೇಲೆ ವೈನಿ ಅವ್ವನ ಎದುರಿಗೇ ಅಡಿಗೆಯವರಿಗೆ ಫೋನ್ ಹಚ್ಚಿದಳು. "ಸಾಸಿವಿ ಕೆಟ್ಟೇತ್ರಿ. ತಪ್ಪು ನಂದ. ಮೂಲಂಗಿ ಅಷ್ಟ ತರ್ತೇನಿ, ನೋಡಿ ಬ್ಯಾಡ ಅಂದ್ರೂ ನಡೀತದ."

ಶುಕ್ರವಾರ ಸಂಜೆಗೆ ಎಲೆಗಳು ಹಸಿರಾಗಿದ್ದವು. ಆ ಸಂಜೆ ನೀರು ಹಾಕಲಿಲ್ಲ, ಒದ್ದೆ ಸಸಿ ಡಬ್ಬಿಯಲ್ಲಿ ಕೊಳೆಯುತ್ತದೆ. ಶನಿವಾರ ಬೆಳಿಗ್ಗೆ, ಮೊದಲ ಜೋಡಿ ಎಲೆ ಪೂರ್ತಿ ಬಿಚ್ಚಿ ಮೂರನೆಯದು ಇನ್ನೂ ಇಣುಕದಿದ್ದಾಗ, ಕತ್ತರಿಯಿಂದ ಬುಡದ ಸ್ವಲ್ಪ ಮೇಲೆ ಕತ್ತರಿಸಿದಳು. ಡಬ್ಬಿ ಹಿಡಿದು ನಾನೂ ಬಸ್ಸು ಹತ್ತಿದೆ.

ಅಡಿಗೆಯವರು ಒಂದು ಎಳೆ ಎತ್ತಿ ನೋಡಿದರು. "ದಂಟು ಜರಾ ಉದ್ದ ಆಗ್ಯಾವಲ್ರಿ."

"ಹೌದ್ರಿ, ಕತ್ತಲ್ದಾಗ ಮೂರು ದಿನ ಹೆಚ್ಚಿಗಿ ಇದ್ದುವು."

ಅವರು ಅಗಿದರು, ಇನ್ನೊಂದು ಎಳೆ ತಿಂದರು. "ಖಾರ ಚಲೋ ಐತಿ. ವಾರಾ ತರ್ರಿ. ಸಾಸಿವಿನೂ ಬೇಕು. ಬೆಳಿಯೋದು ನೀವೊಬ್ಬರ ಏನು?"

"ಇಲ್ರಿ, ನಮ್ಮತ್ತಿನೂ ಅದಾರ."

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ವೈನಿ, ತಪ್ಪು ಅವ್ವಂದು. ನೀ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?"

ಅವಳು ಖಾಲಿ ಚೀಲವನ್ನು ತೊಡೆಯ ಮೇಲೆ ಮಡಚುತ್ತಿದ್ದಳು. "ಮುಂದಿನ ತಿಂಗಳ ನಮ್ಮವ್ವನ ಇನ್ನೊಂದು ಕಣ್ಣು ಮಾಡಿಸ್ಬೇಕು, ಮತ್ತ ಹೋಗ್ಬೇಕು. ನಮ್ಮತ್ತಿಯವರಿಗೆ ತಪ್ಪು ನಿಮ್ದ ಅಂದ್ರ ಅವರು ಇನ್ನ ಟ್ರೇ ಮುಟ್ಟೂದಿಲ್ಲ. ಆವಾಗ ಸಸಿ ಯಾರ ಕೈಯಾಗ ಬಿಟ್ಟು ಹೋಗ್ಲಿ? ನಿನ್ನ ಕೈಯಾಗೇನು?"