ರೊಟ್ಟಿಯಿಲ್ಲದ ತಿಂಗಳು

ಪೀಣ್ಯದ ಬಾಡಿಗೆ ಮನೆಗೆ ನನ್ನ ಮೈದುನ ಸಿಂಗಾಪುರದಿಂದ ಇಂಡಕ್ಷನ್ ಒಲೆ ತಂದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಂಕಿಯೇ ಕಾಣದ ಒಲೆ ನನಗೆ ಒಲೆ ಅನ್ನಿಸಲೇ ಇಲ್ಲ. ಆದರೆ ಮೋಟಾರ್ ಫ್ಯಾಕ್ಟರಿಯಲ್ಲಿದ್ದ ನನ್ನ ಗಂಡ ಒಂದು ಆಸೆ ಹುಟ್ಟಿಸಿಬಿಟ್ಟರು.

"ಗ್ಯಾಸಿಗಿಂತ ಇದು ಸೋವಿ ಬಿದ್ರ, ಉಳಿದ ರೊಕ್ಕದಾಗ ಎರಡು ತಿಂಗಳಿಗೊಮ್ಮೆ ನೀ ಅವ್ವನ ಕಡೆ ಹೋಗಿಬಾ."

ಅವ್ವ ಇದ್ದದ್ದು ವಿಜಯಪುರದಲ್ಲಿ. ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು. ಅಂದಿನಿಂದ ಆ ಒಲೆಯ ಪರ ನಾನೇ ವಕೀಲೆಯಾದೆ.

ಇವರು ಹಳೆಯದೊಂದು ಮೀಟರ್ ತಂದು ಆ ಒಲೆಯ ಪ್ಲಗ್ಗಿಗೆ ಮಾತ್ರ ಜೋಡಿಸಿದರು. ಖರ್ಚು ಹೋಲಿಸಿ ನೋಡಲು ಒಂದು ತಿಂಗಳು ಗ್ಯಾಸ್ ಹಚ್ಚುವ ಹಾಗಿಲ್ಲ. ಅಯಸ್ಕಾಂತ ಅಂಟುವಂಥ ಪಾತ್ರೆ ಮಾತ್ರ ಅದರ ಮೇಲೆ ಕಾಯುತ್ತಿದ್ದವು; ಅವನ್ನಷ್ಟೇ ಇಟ್ಟುಕೊಂಡು, ಬೇಳೆ ನೆನೆಹಾಕಿ, ಮುಚ್ಚಳ ಮುಚ್ಚಿ ಬೇಯಿಸಿದೆ. ಜೋಳದ ರೊಟ್ಟಿ ಮಾತ್ರ ಆಗಲಿಲ್ಲ. ಹಂಚಿನ ಮೇಲೆ ರೊಟ್ಟಿಯ ನಡು ಸೀಯುತ್ತಿತ್ತು, ಅಂಚು ಹಸಿ. ಉರಿಯ ಮೇಲೆ ಹಿಡಿದು ಉಬ್ಬಿಸೋಣವೆಂದರೆ ಉರಿ ಎಲ್ಲಿದೆ? ರೊಟ್ಟಿ ಇಲ್ಲದೆ ಊಟ ಇಳಿಯದ ಮನುಷ್ಯ ತಿಂಗಳಿಡೀ ಅನ್ನ ಉಂಡರು, ಚಕಾರವೆತ್ತಲಿಲ್ಲ.

ಕೆಳಗಿನ ಮನೆಯ ಒಡತಿಯೇ ಕೇಳಿದಳು, "ರೊಟ್ಟಿ ಬಡಿಯೋ ಸದ್ದೇ ಇಲ್ವಲ್ಲವ್ವಾ, ಊರ್ಗೋಗಿದ್ರಾ?"

"ಹೋಗ್ತೀನ್ರೀ," ಎಂದು ನಕ್ಕೆ.

ತಿಂಗಳಾಯಿತು. ಇವರು ಮೀಟರ್ ನೋಡಿ ಯೂನಿಟ್ಟುಗಳನ್ನು ಗುಣಿಸಿದರು. ಗ್ಯಾಸಿನ ಒಂದು ತಿಂಗಳ ಖರ್ಚಿಗಿಂತ ಕರೆಂಟೇ ಕಡಿಮೆ! ಒಡತಿಯ ಫೋನಿನಿಂದ ಅವ್ವನ ನೆರೆಮನೆಗೆ ಕರೆ ಮಾಡಿ, ಬರುತ್ತೇನೆಂದು ಹೇಳಿಯೂ ಬಿಟ್ಟೆ.

ಆಮೇಲೆ ಬಿಲ್ಲು ಬಂತು. ಹೆಚ್ಚು ಬಳಸಿದಷ್ಟೂ ಯೂನಿಟ್ಟಿನ ದರ ಏರುತ್ತದೆ; ಇವರು ಗುಣಿಸಿದ್ದು ಮೊದಲ ಹಂತದ ಅಗ್ಗದ ದರದಲ್ಲಿ. ಆ ಅಗ್ಗದ ಯೂನಿಟ್ಟುಗಳನ್ನೆಲ್ಲ ನಮ್ಮ ದೀಪ, ಫ್ಯಾನು, ಟಿವಿ ಮೊದಲೇ ನುಂಗಿದ್ದವು. ಒಲೆಯ ಯೂನಿಟ್ಟುಗಳಿಗೆಲ್ಲ ಮೇಲಿನ ಹಂತದ ದರವೇ ಬಿದ್ದಿತ್ತು. ಸರಿಯಾಗಿ ಲೆಕ್ಕ ಹಾಕಿದರೆ ಗ್ಯಾಸೇ ಸೋವಿ, ಅದೂ ರೊಟ್ಟಿ ಬಿಟ್ಟ ತಿಂಗಳಲ್ಲಿ. ಇವರು ಬಿಲ್ಲು ಹಿಡಿದು ತಲೆ ತಗ್ಗಿಸಿ ಕೂತರು. ಮೋಟಾರ್ ಕಟ್ಟುವ ಮನುಷ್ಯ ಮನೆಯ ಬಿಲ್ಲಿಗೆ ಸೋತಿದ್ದರು. ನನಗೆ ಅಳು ಬಂತು.

ಅಂದು ಸಂಜೆ ಗ್ಯಾಸ್ ಹಚ್ಚಿ ರೊಟ್ಟಿ ಬಡಿದೆ. ಇವರು ನಾಲ್ಕು ತಿಂದರು. ಆಮೇಲೆ ಕೆಳಗಿಳಿದು ಫೋನ್ ಮಾಡಿ, ಅವ್ವನನ್ನು ನೆರೆಮನೆಗೆ ಕರೆಸಿದೆ. ಬರಲಾಗದು ಎನ್ನಲು ಎಷ್ಟು ಸುತ್ತಿ ಬಳಸಿದೆನೋ. ಉಬ್ಬದ ರೊಟ್ಟಿ, ಕರೆಂಟು, ಬಿಲ್ಲು, ದರ ಎಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಇರ್ಲಿ ಬಿಡವ್ವಾ. ಈಗ ರೊಟ್ಟಿ ಉಬ್ಬತಾವಿಲ್ಲೋ?"

"ಉಬ್ಬತಾವವ್ವಾ."

"ಹಂಗಾರ ನನ್ನ ಹೆಸರಿಲೆ ಒಂದು ತಿನ್ನು."

ಮೇಲೆ ಬಂದು ಬುಟ್ಟಿ ತೆರೆದೆ. ಒಂದೇ ರೊಟ್ಟಿ ಉಳಿದಿತ್ತು. ಗ್ಯಾಸ್ ಒಲೆಯ ಮುಂದೆ ನಿಂತು, ಅಳುತ್ತಲೇ ತಿಂದೆ.