ಮೇಲೆ ಹಸಿರು, ಕೆಳಗೆ ಕೆಂಪು

ಸಿಂಧನೂರಿನಲ್ಲಿ ನನ್ನದೊಂದು ಡಿಸೈನ್ ಅಂಗಡಿ ಇದೆ. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ತೀರಿಕೊಂಡವರ ಶ್ರದ್ಧಾಂಜಲಿ, ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಮಾಡುತ್ತೇನೆ. ಆದರೆ ಹೊಟ್ಟೆ ತುಂಬಿಸುವುದು ಅಕ್ಕಿ ಚೀಲ. ಸುತ್ತ ಇಷ್ಟು ರೈಸ್ ಮಿಲ್ಲುಗಳಿರುವಾಗ ಚೀಲದ ಮೇಲೆ ನವಿಲು, ಕಮಲ, ನಗುವ ಹೆಂಗಸು ಬಿಡಿಸುವವನಿಗೆ ಕೆಲಸಕ್ಕೆ ಬರವಿಲ್ಲ.

ಕೆಲವು ವರ್ಷಗಳಿಂದ ಒಬ್ಬ ಸಾಹುಕಾರರ ಅಕ್ಕಿ ಆಫ್ರಿಕಾಕ್ಕೆ ಹೋಗತೊಡಗಿತ್ತು. ಅಲ್ಲಿಯ ವ್ಯಾಪಾರಿಗಳಿಗೆ ಚೀಲದ ಮೇಲೆ ತಮ್ಮ ದೇಶದ ಬಾವುಟ ಬೇಕು. ಹಾಗಾಗಿ ಭೂಪಟ ಮುಟ್ಟದ ನಾನೂ ಬಾವುಟ ಕಲಿತೆ. ಗಿನಿ ದೇಶದ್ದು ನೆಟ್ಟಗೆ ನಿಂತ ಮೂರು ಪಟ್ಟಿ, ಕೋಲಿನ ಕಡೆಯಿಂದ ಕೆಂಪು, ಹಳದಿ, ಹಸಿರು. ಮಾಲಿಯದು ಅದೇ ಮೂರು ಬಣ್ಣ, ಆದರೆ ತಿರುಗಾಮುರುಗಾ, ಹಸಿರು ಮೊದಲು, ಕೆಂಪು ಕೊನೆಗೆ. ಮಾಲಿಯದರ ನಡುವೆ ಒಂದು ಹಸಿರು ನಕ್ಷತ್ರ ಇಟ್ಟರೆ ಅದು ಸೆನೆಗಲ್. ಹಿಂದೆ ಮುಂದೆ ಆದರೆ ಒಂದು ದೇಶ ಹೋಗಿ ಇನ್ನೊಂದು ದೇಶ ಬರುತ್ತದೆ. ಸಾಹುಕಾರರಿಗೆ ಮಾತ್ರ ಇದೆಲ್ಲ ಮೂರು ಬಣ್ಣದ ಬಟ್ಟೆ, ಅಷ್ಟೇ.

ಅವರ ಗಿನಿ ಚೀಲದ ಅಚ್ಚಿನ ಪ್ಲೇಟುಗಳು ಹೈದರಾಬಾದಿನಲ್ಲಿ ಆಗಿದ್ದವು. ದೊಡ್ಡದಾಗಿ ಗಿನಿಯ ಬಾವುಟ, ಕೆಳಗಿನ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ನಮ್ಮ ತ್ರಿವರ್ಣ. ವ್ಯಾಪಾರದ ಚೀಲಕ್ಕೆ ನಮ್ಮ ಬಾವುಟ ಹಾಕುವಂತಿಲ್ಲ ಎಂದು ನಾನು ಆಗಲೇ ಹೇಳಿದ್ದೆ. “ದೇಶಾಭಿಮಾನ ಅಲ್ಲೋ ತಮ್ಮಾ, ಇರಲಿ ಬಿಡು” ಎಂದಿದ್ದರು. ಅಭಿಮಾನವೂ ಅಗ್ಗದ್ದೇ. ಕೇಸರಿಗೆ ಬೇರೆ ಶಾಯಿ ಬೇಡವೆಂದು ಹಳದಿಯ ಮೇಲೆ ಕೆಂಪಿನ ಸಣ್ಣ ಚುಕ್ಕಿಗಳನ್ನು ಒತ್ತಿ ಕೇಸರಿ ಮಾಡಿಸಿದ್ದರು.

ಆಮೇಲೆ ಮಾಲಿಯ ಆರ್ಡರ್ ಬಂತು. ಹೊಸ ಪ್ಲೇಟು ಮಾಡಿಸಬೇಕು ಎಂದೆ. ಸಾಹುಕಾರರು ನಕ್ಕರು.

“ಯಾಕ ಮಾಡಸಬೇಕು? ಕೆಂಪು ಇದ್ದಲ್ಲಿ ಹಸರು ಹಾಕು, ಹಸರು ಇದ್ದಲ್ಲಿ ಕೆಂಪು ಹಾಕು. ಮಾಲಿ ಆತಿಲ್ಲೊ?”

ಮಾತು ಸುಳ್ಳಲ್ಲ. ಅವರ ಮಿಲ್ಲಿನಲ್ಲೇ ಇರುವ ಚೀಲ ಅಚ್ಚು ಹಾಕುವ ಮಷೀನಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ರೋಲರ್, ಅದಕ್ಕೊಂದು ಪ್ಲೇಟು, ಕೆಳಗೆ ಶಾಯಿಯ ಟ್ರೇ. ಟ್ರೇಯ ಶಾಯಿ ಅದಲುಬದಲು ಮಾಡಿದರೆ ಗಿನಿ ಹೋಗಿ ಮಾಲಿ ಆಗುತ್ತದೆ. ಆದರೆ ಅದೇ ಪ್ಲೇಟುಗಳಲ್ಲಿ ಮೂಲೆಯ ತ್ರಿವರ್ಣವೂ ಇದೆ.

“ಸಾವುಕಾರ್ರ, ನಮ್ಮ ಬಾವುಟ ಉಲ್ಟಾ ಆಗತೈತ್ರಿ. ಮ್ಯಾಲ ಹಸರು ಬರತೈತಿ, ಕೆಳಗ ಕೆಂಪು ಬರತೈತಿ.”

“ಅಷ್ಟು ಸಣ್ಣದು ನೋಡಾವ್ರು ಯಾರಲೇ? ಅದೂ ಆಫ್ರಿಕಾದಾಗ. ನೀ ಚೀಲದ ಮ್ಯಾಲಿನ ಹೆಸರಷ್ಟ ಬದಲಿಸಿ ಕೊಡು.”

ಆ ಮೂಲೆಯನ್ನು ಪ್ಲೇಟಿನಿಂದ ಕೊಯ್ದು ತೆಗೆಸಿ ಎಂದೆ. ಅದಕ್ಕೂ ಪುರುಸೊತ್ತಿಲ್ಲವಂತೆ, ಲಾರಿ ನಿಂತಿದೆಯಂತೆ. ಮಷೀನ್ ನಡೆಸುವ ಆಪರೇಟರ್ ಅಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಮಸ್ಕಿಯವನು, ದಿನಾ ಬಸ್ಸಿಗೆ ಬಂದು ಹೋಗುವವನು, ನನಗಿಂತ ಸ್ವಲ್ಪ ದೊಡ್ಡವನು. ಸಾಹುಕಾರರು ಅವನ ಕಡೆ ನೋಡಿ “ಹಾಕು” ಎಂದರು. ಅವನು ಹಾಕಿದ. ಇನ್ನೇನು ಮಾಡಿಯಾನು?

ಮಾಲಿಯ ಬಾವುಟ ಚೊಕ್ಕವಾಗಿ ಬಂತು. ಮೂಲೆಯಲ್ಲಿ ನಮ್ಮದು ಮೇಲೆ ಹಳದಿಗೆ ಹಸಿರು ಚುಕ್ಕಿ ಬಿದ್ದು ಗಿಳಿಹಸಿರು, ನಡುವೆ ಬಿಳಿ, ಅದರಲ್ಲಿ ನೀಲಿ ಚಕ್ರ, ಕೆಳಗೆ ರಕ್ತಗೆಂಪು. ನೋಡಿ ನನಗೆ ಬಾಯಿ ಕಹಿಯಾಯಿತು. ಪರದೇಶದ್ದನ್ನು ಸರಿಯಾಗಿ ಅಚ್ಚು ಹಾಕಿಸಲು ಹೋಗಿ ತನ್ನದನ್ನು ಬುಡಮೇಲು ಮಾಡಿದ ಮನುಷ್ಯ ಜೇಬಿನ ಮೇಲೆ ತ್ರಿವರ್ಣದ ಪಿನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

ಚೀಲಗಳು ಹಡಗು ಹತ್ತಿದವು. ಅಚ್ಚು ಮಸಕಾದ, ಹೊಲಿಗೆ ಬಿಟ್ಟ ಚೀಲಗಳು ಉಳಿದವು. ಅವನ್ನು ಮಿಲ್ಲಿನ ಗುಮಾಸ್ತ ರದ್ದಿಗೆ ಮಾರಿದ. ರದ್ದಿ ಚೀಲ ಎಲ್ಲಿಗೆ ಹೋಗುತ್ತದೆ? ಸಂತೆಗೆ. ಮಸ್ಕಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿಯೊಬ್ಬಳು ಅದನ್ನು ಹಾಸಿಕೊಂಡು ಕುಳಿತಿದ್ದಾಗ ಕೊರಳಿಗೆ ಶಾಲು ಹಾಕಿದ ಹುಡುಗನೊಬ್ಬ ಫೋಟೊ ಹೊಡೆದ. ಊಟದ ಹೊತ್ತಿಗೆ ಆ ಫೋಟೊ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಎಲ್ಲರ ಮೊಬೈಲಿನಲ್ಲೂ ಇತ್ತು. ನಮ್ಮ ತುರ್ವಿಹಾಳದ ಮನೆಯಿಂದ ನನ್ನ ಅಣ್ಣನೂ ಕಳಿಸಿದ, ಕೆಳಗೆ ಸಿಟ್ಟಿನ ಮುಖದ ಗುರುತು ಹಾಕಿ.

ಹುಡುಗರು ಗುಂಪು ಕಟ್ಟಿಕೊಂಡು ಸಂತೆಯಲ್ಲೆಲ್ಲ ಚೀಲ ಕಿತ್ತುಕೊಂಡರು. ಮುದುಕಿಯ ಉಳ್ಳಾಗಡ್ಡಿ ದಾರಿಯಲ್ಲಿ ಉರುಳಾಡಿತು. ಚೀಲಗಳನ್ನು ನಡುರಸ್ತೆಯಲ್ಲಿ ಗುಡ್ಡೆ ಹಾಕಿ, ಘೋಷಣೆ ಕೂಗುತ್ತ ಬೆಂಕಿ ಹಚ್ಚಿದರು, ವಿಡಿಯೊ ಮಾಡಿ ತಾವೇ ಹಂಚಿದರು. ಆಮೇಲೆ ಮಿಲ್ಲಿಗೆ ಫೋನ್ ಮಾಡಿದರು. ಸಾಹುಕಾರರು ತಡಮಾಡಲಿಲ್ಲ. “ಶಾಯಿ ಹಾಕಿದಾವ ನಿಮ್ಮೂರಾವನ ಅದಾನ. ನನಗ ಗೊತ್ತಿಲ್ಲದಂಗ ಮಾಡ್ಯಾನ” ಎಂದರು. ಊರು ಸುಟ್ಟರೂ ಹನುಮಪ್ಪ ಹೊರಗೆ. ಸಂಜೆ ಊರಿಗೆ ಮರಳಿದ ಆಪರೇಟರನನ್ನು ಗುಂಪು ಬಸ್ಸಿನಿಂದ ಇಳಿಸಿಕೊಂಡು ಮಸ್ಕಿಯ ಪೊಲೀಸ್ ಠಾಣೆಗೆ ಎಳೆದೊಯ್ಯಿತು.

ನನಗೆ ಫೋನ್ ಮಾಡಿದ್ದು ಆಪರೇಟರನ ಮಗಳು. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಮನೆಯವರ ಮೇಲೆ ಕೇಸು ಇದೆಯೇ ಎಂಬ ವಿಚಾರಣೆ ಇನ್ನೂ ಬಾಕಿ. ಅದನ್ನು ಮಾಡುವುದು ಅದೇ ಠಾಣೆ.

“ಕಾಕಾ, ಅಪ್ಪನ ಮ್ಯಾಲ ಬಾವುಟದ ಕೇಸು ಹಾಕ್ತಾರಂತ್ರಿ. ಹಾಕಿದ್ರ ನಂದು ಮುಗೀತು. ನಿಮಗ ಗೊತ್ತೈತಲ್ರಿ, ಬಂದು ಹೇಳ್ರಿ.” ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಅಂಗಡಿಯಲ್ಲಿದ್ದ ಗಿನಿ, ಮಾಲಿಯ ಒಂದೊಂದು ಮಾದರಿ ಚೀಲ ತೆಗೆದುಕೊಂಡು ಬೈಕಿನಲ್ಲಿ ಹೋದೆ. ಠಾಣೆಯಲ್ಲಿ ಆಪರೇಟರ್ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತಿದ್ದ, ಅಂಗಿಯ ಗುಂಡಿ ಕಿತ್ತುಹೋಗಿತ್ತು. ಬೆಂಚಿನ ಮೇಲೆ ಶಾಲಿನ ಹುಡುಗರು ಚಹಾ ಕುಡಿಯುತ್ತಿದ್ದರು. ಹೇಳಿದ್ದನ್ನು ಮಾಡಿದವನು ನೆಲದ ಮೇಲೆ, ಬೆಂಕಿ ಹಚ್ಚಿದವರು ಬೆಂಚಿನ ಮೇಲೆ. ಸಾಹುಕಾರರ ಮಾತನ್ನು ಇದ್ದದ್ದು ಇದ್ದಂತೆ ಸಬ್ ಇನ್ಸ್‌ಪೆಕ್ಟರಿಗೆ ಹೇಳಿದೆ. ಎರಡೂ ಚೀಲ ಹರಡಿ ಗಿನಿಯದು ಹೇಗೆ ಮಾಲಿಯದಾಯಿತು, ಅದರ ಜೊತೆ ಮೂಲೆಯದು ಹೇಗೆ ಮಗುಚಿತು ಎಂದು ತೋರಿಸಿದೆ. ಅವರು ಸಾಹುಕಾರರ ಹೆಸರು ಬಂದಲ್ಲೆಲ್ಲ ಕಿಟಕಿಯಾಚೆ ನೋಡಿದರು.

“ಅವ್ರು ಹೇಳಿರಬಹುದು, ಹಾಕಿದಾವ ಇವ ಅಲ್ಲೇನ್ರೀ?” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಿಟ್ಟು ನೆತ್ತಿಗೇರಿತು. ನಾನು ಮೊಬೈಲಿನಲ್ಲಿ ಸುಡುವ ವಿಡಿಯೊ ಹಚ್ಚಿ ಅವರ ಮುಂದಿಟ್ಟೆ.

“ಸಾಹೇಬ್ರ, ನೀವ ಹೇಳ್ರಿ. ಇದು ನಮ್ಮ ಬಾವುಟ ಹೌದೋ ಅಲ್ಲೋ? ಹೌದು ಅಂದ್ರ, ನಡುಬೀದ್ಯಾಗ ಬಾವುಟ ಸುಟ್ಟಾವ್ರು ಇಲ್ಲೇ ಚಾ ಕುಡ್ಯಾಕತ್ತಾರ. ಅಲ್ಲ ಅಂದ್ರ, ಇವನ ಮ್ಯಾಲ ಏನು ಕೇಸು?”

ಬೆಂಚಿನ ಮೇಲಿದ್ದ ಒಬ್ಬ ಲೋಟ ಕೆಳಗಿಟ್ಟ. “ನಾವು ಸುಟ್ಟಿದ್ದು ಚೀಲ ರೀ” ಎಂದ.

“ಅವನೂ ಅಚ್ಚು ಹಾಕಿದ್ದು ಚೀಲಕ್ಕ” ಎಂದೆ.

ಸಬ್ ಇನ್ಸ್‌ಪೆಕ್ಟರು ವಿಡಿಯೊವನ್ನು ಇನ್ನೊಮ್ಮೆ ನೋಡಿದರು. ಉರಿಯುವ ಚೀಲದ ಮೂಲೆ, ಚಕ್ರ, ಹಿಂದೆ ನಗುವ ಮುಖಗಳು, ಎಲ್ಲ ಸ್ಪಷ್ಟವಾಗಿತ್ತು. ಹುಡುಗರನ್ನು ಹೊರಗೆ ಕರೆದುಕೊಂಡು ಹೋದರು. ಯಾರಿಗೋ ಫೋನ್ ಮಾಡಿದರು. ಒಳಗೆ ಬಂದಾಗ ಮುಖ ಹಗುರಾಗಿತ್ತು.

“ಇದು ಇರಾನ್ ದೇಶದ್ದಂತಲ್ರೀ? ಮ್ಯಾಲ ಹಸರು, ನಡುವ ಬಿಳಿ, ಕೆಳಗ ಕೆಂಪು. ಹಂಗಂತ ಬರದುಕೊಡ್ರಿ, ಇಲ್ಲಿಗೇ ಮುಗಸೋಣ.”

ಇರಾನಿನದೂ ಪಟ್ಟಿಗಳು ಹಾಗೇ ಇವೆ ನಿಜ. ಆದರೆ ನಡುವೆ ಇರುವುದು ಚಕ್ರವಲ್ಲ, ಕೆಂಪು ಬಣ್ಣದ ಅವರದೇ ಲಾಂಛನ. ಹಸಿರೂ ಕೆಂಪೂ ಬಿಳಿಗೆ ತಾಗುವ ಅಂಚಿನುದ್ದಕ್ಕೂ ಬಿಳಿಯ ಬರಹವಿದೆ. ಅಲ್ಲ ಎಂದೆ. “ಮತ್ತ ಯಾವ ದೇಶದ್ದು?” ಎಂದರು. ಯಾವುದೂ ಅಲ್ಲ ಎಂದೆ. ಹಾಗಿದ್ದರೆ ಅದನ್ನೇ ಬರೆಯಿರಿ ಎಂದು ಹಾಳೆ ಸರಿಸಿದರು.

ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಅಪ್ಪನನ್ನು ನೋಡದೆ ನನ್ನ ಕೈಯ ಪೆನ್ನನ್ನೇ ನೋಡುತ್ತಿದ್ದಳು. ನಾನು ಬರೆದೆ: ಚೀಲದ ಮೇಲಿರುವ ಚಿತ್ರ ಯಾವ ದೇಶದ ಬಾವುಟವೂ ಅಲ್ಲ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನಮ್ಮದನ್ನು ಕೆಡಿಸಿದವರು ಯಾರು ಎಂಬುದನ್ನು ನುಂಗಿ, ಇದು ಯಾರದೂ ಅಲ್ಲ ಎಂದು ಸಹಿ ಹಾಕುವಾಗ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಬಾವುಟದ ಗೌರವಕ್ಕಾಗಿ ಕೂಗಿದವರೇ ಆ ಮಾತಿಗೆ ತಲೆಯಾಡಿಸಿದರು. ಆಪರೇಟರನನ್ನು ಬಿಟ್ಟರು.

ಮಾರನೆಯ ವಾರವೇ ಸಾಹುಕಾರರು ಅವನನ್ನು ಕೆಲಸದಿಂದ ತೆಗೆದರು. ನನಗೂ ಅವರ ಮಿಲ್ಲಿನ ಬಾಗಿಲು ಮುಚ್ಚಿತು, ಅದಕ್ಕೆ ನನಗೆ ಚಿಂತೆಯಿಲ್ಲ. ಸ್ವಾತಂತ್ರ್ಯ ದಿನಕ್ಕೆ ಅವರು ಆ ಹುಡುಗರಿಗೇ ಬಾವುಟ ಹಂಚಿದರೆಂದು ಕೇಳಿದೆ. ಸರಿಯಾದವೇ, ಕೇಸರಿ ಮೇಲಿರುವವೇ. ಕೇಳಿ ಉಗುಳಿದೆ.

ಹುಡುಗಿಗೆ ಕೇಸಿನ ತೊಡಕಾಗಲಿಲ್ಲ, ತರಬೇತಿಗೆ ಕರೆ ಬಂತು. ಅವಳು ಹೊರಡುವ ಮುಂಚೆ ಊಟಕ್ಕೆ ಬರಲೇಬೇಕೆಂದು ಅವಳ ಅಪ್ಪ ಫೋನ್ ಮಾಡಿದ. ಈಗ ಅವನು ಒಂದು ಗೊಬ್ಬರದ ಅಂಗಡಿಯಲ್ಲಿ ಚೀಲ ಹೊರುತ್ತಾನೆ. ನಾನು ಅವನ ಮನೆ ನೋಡಿರಲಿಲ್ಲ. ಮಸ್ಕಿಯಲ್ಲಿ ಬೈಕ್ ನಿಲ್ಲಿಸಿ ಪಾನ್ ಅಂಗಡಿಯವನಿಗೆ ಹೆಸರು ಹೇಳಿ ಕೇಳಿದೆ. ಅವನಿಗೆ ಹೆಸರಿನಿಂದ ಗುರುತು ಹತ್ತಲಿಲ್ಲ. ಮೊದಲು ಸಿಂಧನೂರಿನಲ್ಲಿ ಚೀಲ ಅಚ್ಚು ಹಾಕುತ್ತಿದ್ದ, ಮಗಳು ಪೊಲೀಸ್ ಆಗಿದ್ದಾಳೆ ಎಂದೆ.

“ಓ, ಅವನೇನ್ರೀ” ಎಂದ ಅವನು, ಎಲೆಗೆ ಸುಣ್ಣ ಸವರುತ್ತ. “ಬಾವುಟ ಸುಟ್ಟಾನಲ್ರೀ, ಅವನ ಮನಿ. ಹಿಂಗ ಒಳಗ ಹೋಗ್ರಿ, ಯಾರನ್ನ ಕೇಳಿದ್ರೂ ತೋರಸ್ತಾರ.”