ಧ್ವನಿಯಲ್ಲಿ ನಗು ಇತ್ತೇ?

ನಮ್ಮ ಭಾವನ ವಿಷಯ ಬರೆಯಲು ಕೂತರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಮಾಧಾನವಾದ ಮೇಲೆ ಬರೆಯೋಣ ಎಂದು ಕಾದರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ, ಆದ್ದರಿಂದ ಉರಿಯುತ್ತಲೇ ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರೂರಿಗೂ ಶಾಖೆಗಳಿರುವ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ಅವರು ಕ್ಯಾಪ್ಟನ್, ಅಂದರೆ ಒಂದು ಸಾಲಿನ ಟೇಬಲ್‌ಗಳನ್ನು ನೋಡಿಕೊಳ್ಳುವವರು; ನಾನು ಅಲ್ಲೇ ಬಿಲ್ ಕೌಂಟರಿನಲ್ಲಿ. ಕಿಟಕಿ ಪಕ್ಕದ ಸಾಲು ಅವರದು. ಆ ಸಾಲಿಗೆ ಕಾಯುವ ಗಿರಾಕಿಗಳಿದ್ದರು. ಬೇರೆ ಟೇಬಲ್ ಖಾಲಿ ಇದ್ದರೂ, "ಪರವಾಗಿಲ್ಲ, ಅವರ ಕಡೆನೇ ಕೂತ್ಕೋತೀವಿ" ಎಂದು ಬಾಗಿಲ ಬಳಿ ನಿಲ್ಲುವವರು. ಭಾವನಿಗೆ ಬೇರೆ ಹವ್ಯಾಸವಿಲ್ಲ, ಚಟವಿಲ್ಲ. ಜನ ಹೊಟ್ಟೆ ತುಂಬ ಉಣ್ಣುವುದನ್ನು ನೋಡುವುದೇ ಅವರಿಗೆ ಸಿನಿಮಾ.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಮುಖದ ನರಕ್ಕೆ ಹೊಡೆತ ಬಿದ್ದಿದೆ ಎಂದರು ಡಾಕ್ಟರು. ಮಾತ್ರೆ, ವ್ಯಾಯಾಮ ಎಲ್ಲ ಆಯಿತು. ಕಣ್ಣು ಸರಿಹೋಯಿತು, ಮಾತು ಸರಿಹೋಯಿತು, ತುಟಿಯ ಎಡತುದಿ ಮಾತ್ರ ಮೇಲೇಳಲಿಲ್ಲ. ನಕ್ಕರೆ ಒಂದು ಕಡೆ ನಗು, ಇನ್ನೊಂದು ಕಡೆ ಸಿಟ್ಟು. ಅಕ್ಕ ತಮಾಷೆ ಮಾಡುತ್ತಿದ್ದಳು: "ನನಗೆ ಒಳ್ಳೇದಾಯ್ತು. ಜಗಳ ಆಡ್ಬೇಕಾದ್ರೆ ಎಡಗಡೆ ಕೂರ್ತೀನಿ, ರಾಜಿ ಆಗ್ಬೇಕಾದ್ರೆ ಬಲಗಡೆ." ಭಾವ ಅದಕ್ಕೂ ನಕ್ಕರು, ಅರ್ಧ. ಕೆಲಸಕ್ಕೆ ಮರಳಿದರು. ಕಿಟಕಿ ಸಾಲಿನ ಹಳೆಯ ಗಿರಾಕಿಗಳು ಮೊದಲ ದಿನ ಆರೋಗ್ಯ ವಿಚಾರಿಸಿದರು, ಎರಡನೆಯ ದಿನ ಊಟ ವಿಚಾರಿಸಿದರು, ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ಗುಟ್ಟಿನ ಗಿರಾಕಿಗೆ. ಕಂಪನಿ ಕಾಗದದಲ್ಲಿ ಅವರು ಮಿಸ್ಟರಿ ಗೆಸ್ಟ್, ನಮ್ಮ ಬಾಯಲ್ಲಿ ಗುಟ್ಟಿನ ಗಿರಾಕಿ. ಹೊರಗಿನ ಏಜೆನ್ಸಿಯವರು ಕಳಿಸುವ ಜನ. ಪ್ರತಿ ಸಲ ಬೇರೆಯವರು, ಬೇರೆ ಹೊತ್ತಿನಲ್ಲಿ ಬರುತ್ತಾರೆ. ಎಲ್ಲರಂತೆ ತಿಂದು, ಎಲ್ಲರಂತೆ ದುಡ್ಡು ಕೊಟ್ಟು, ಹೊರಗೆ ಹೋಗಿ ಚೆಕ್‌ಲಿಸ್ಟ್ ತುಂಬುತ್ತಾರೆ. ಬಂದ ಕೂಡಲೇ ಸ್ವಾಗತಿಸಿದರೇ? ಆರ್ಡರನ್ನು ಮರಳಿ ಓದಿ ಹೇಳಿದರೇ? ಬಿಸಿಯಾಗಿ ಬಂತೇ? ಹೌದು, ಇಲ್ಲ, ಇಲ್ಲವೇ 'ಅನ್ವಯಿಸದು'. ಎಲ್ಲ ಶಾಖೆಗೂ ಅದೇ ಪ್ರಶ್ನೆ. ಸೋಮವಾರದ ಮಧ್ಯಾಹ್ನಕ್ಕೂ ಭಾನುವಾರದ ಸಂಜೆಗೂ ಸೇವೆ ಒಂದೇ ತೆರ ಇದೆಯೋ ಇಲ್ಲವೋ ತಿಳಿಯಬೇಕಲ್ಲ! ಇದರಲ್ಲಿ ನನಗೆ ತಕರಾರಿಲ್ಲ. ನಾನೂ ದುಡ್ಡು ಕೊಟ್ಟು ತಣ್ಣಗಿನ ಸೂಪು ಕುಡಿದವಳೇ.

ಆ ಸಲದ ವರದಿಯಲ್ಲಿ ಅಡುಗೆಮನೆಯಿಂದ ಸೂಪು ತಡವಾಗಿ ಬಂದದ್ದಕ್ಕೆ ಅಂಕ ಹೋಗಿತ್ತು, ಕೈತೊಳೆಯುವಲ್ಲಿ ಸೋಪಿಲ್ಲದ್ದಕ್ಕೆ ಹೋಗಿತ್ತು. 'ನಗುಮೊಗದಿಂದ ಸ್ವಾಗತಿಸಿದರೇ?' ಎಂಬಲ್ಲಿ 'ಇಲ್ಲ' ಎಂದಿತ್ತು. ಪಕ್ಕದಲ್ಲಿ ಷರಾ: 'ಸಿಬ್ಬಂದಿ ವ್ಯಂಗ್ಯವಾಗಿ ನಕ್ಕರು.' ಬಿಲ್ಲಿನ ಮೇಲೆ ಟೇಬಲ್ ನಂಬರೂ ಕ್ಯಾಪ್ಟನ್ ಹೆಸರೂ ಇರುತ್ತದೆ, ಯಾರೆಂದು ಹುಡುಕುವುದೇ ಬೇಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸೋಪಿನ ಅಂಕ, ಸೂಪಿನ ಅಂಕ ಎಲ್ಲ ಭಾವನ ತಲೆಗೇ ಬಂತು.

ನಾನು ಮ್ಯಾನೇಜರ ಬಳಿ ಹೋದೆ. ವರದಿ ತಪ್ಪೆನಿಸಿದರೆ ಶಾಖೆಯವರು ಒಂದು ವಾರದೊಳಗೆ ಆಕ್ಷೇಪಣೆ ಕಳಿಸಬಹುದು, ಅದು ನನಗೆ ಗೊತ್ತಿತ್ತು.

"ಬರೆದು ಕಳ್ಸಿ ಸಾರ್. ಆ ಪ್ರಶ್ನೆ ಅವರಿಗೆ ಅನ್ವಯಿಸಲ್ಲ ಅಂತ ಹೇಳಿ. ಡಾಕ್ಟರ ಚೀಟಿ ಇದೆ."

"ನಗಲಿಲ್ಲ ಅನ್ನೋದು ಸುಳ್ಳೇನಮ್ಮ?"

"ನಕ್ಕಿದ್ದಾರೆ ಸಾರ್. ಕಾಣ್ಸಲ್ಲ ಅಷ್ಟೇ."

"ಕಾಣದ್ದಕ್ಕೆ ಅಂಕ ಎಲ್ಲಿಂದ ಕೊಡ್ತಾರೆ?" ಎಂದು ಕೈ ತೊಳೆದುಕೊಂಡರು. ಇಂಥ ಕ್ಯಾಪ್ಟನ್ನನ್ನು ಏಕೆ ಇಟ್ಟುಕೊಂಡೆ ಎಂದು ಮೇಲಿನವರು ಕೇಳಿಬಿಟ್ಟರೆ ಎಂಬ ಪುಕ್ಕಲು. ವಾರ ಕಳೆಯಿತು, ಆಕ್ಷೇಪಣೆ ಹೋಗಲೇ ಇಲ್ಲ.

ಬದಲಿಗೆ ಭಾವನಿಗೆ ತರಬೇತಿ. ಸಿಬ್ಬಂದಿ ಕೋಣೆಯ ಕನ್ನಡಿ ಮುಂದೆ ನಿಲ್ಲಿಸಿ ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಸಿದರು, ತುಟಿ ಅಗಲವಾಗಲಿ ಎಂದು! ಮಗಳಿಗೆ ಮದುವೆ ಮಾಡುವ ವಯಸ್ಸಿನ ಮನುಷ್ಯ ಪೆನ್ಸಿಲ್ ಕಚ್ಚಿ ನಿಂತಿದ್ದರು, ಎಡಗಡೆಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಪೆನ್ಸಿಲ್ ಕಿತ್ತು ಕಸದ ಬುಟ್ಟಿಗೆ ಎಸೆದೆ. ಭಾವ ಬಗ್ಗಿ ಎತ್ತಿಕೊಂಡರು.

"ಯಾಕೆ ಸಹಿಸ್ತೀರಿ ಭಾವ?"

"ಸಾಲು ಹೋಗತ್ತೆ ಪುಟ್ಟಿ. ಆ ಕಿಟಕಿ ಸಾಲು ಇದ್ರೆ ಸಾಕು ನನಗೆ."

ಅವರು ಕೇಳಿದ್ದು ಅಷ್ಟೇ. ಬಡ್ತಿ ಕೇಳಲಿಲ್ಲ, ರಜೆ ಕೇಳಲಿಲ್ಲ. ಅದನ್ನೂ ಕೊಡಲಿಲ್ಲ ಪಾಪಿಗಳು.

ಮುಂದಿನ ಸಲ ಬಂದ ಗುಟ್ಟಿನ ಗಿರಾಕಿ ಬೇರೆ ಯಾರೋ. ಊಟ ಬಿಸಿ, ಸೋಪು ಇತ್ತು, ಆರ್ಡರ್ ಮರಳಿ ಹೇಳಿದರು, ಎಲ್ಲ ಹೌದು. ನಗುವಿನ ಮುಂದೆ ಮತ್ತೆ 'ಇಲ್ಲ'. ಮ್ಯಾನೇಜರ್ ಎರಡು ವರದಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಮ್ಮ, ಒಬ್ಬರಿಗೊಬ್ಬರು ಪರಿಚಯ ಇಲ್ದೇ ಇರೋರು ಇಬ್ಬರೂ ಒಂದೇ ಮಾತು ಹೇಳಿದ್ದಾರೆ." ಹೇಳದೆ ಏನು ಮಾಡುತ್ತಾರೆ? ಇಬ್ಬರೂ ನೋಡಿದ್ದು ಒಂದೇ ಮುಖ! ಕಂಪನಿಗೆ ಬೇಕಾದದ್ದು ಎಲ್ಲ ದಿನವೂ ಒಂದೇ ತೆರನಾದದ್ದು ತಾನೆ? ನಮ್ಮ ಭಾವನ ತುಟಿಯಷ್ಟು ಒಂದೇ ತೆರನಾದದ್ದು ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಅವರನ್ನು ಕೆಳಗಿನ ಉಗ್ರಾಣದ ಪಕ್ಕದ ಕೋಣೆಗೆ ಹಾಕಿದರು. ಫೋನಿನಲ್ಲಿ ಪಾರ್ಸೆಲ್ ಆರ್ಡರ್ ಬರೆದುಕೊಳ್ಳುವ ಕೆಲಸ. ಕಿಟಕಿ ಇಲ್ಲ, ಉಣ್ಣುವವರಿಲ್ಲ, ಮುಂದೆ ಒಂದು ಗೋಡೆ. ಮನೆಯಲ್ಲಿ ಭಾವ ಮಾತು ಕಡಿಮೆ ಮಾಡಿದರು. ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದರು. ಅಕ್ಕ ಎಡಗಡೆ ಕೂತು ನೋಡಿದಳು, ಬಲಗಡೆ ಕೂತು ನೋಡಿದಳು. ಜಗಳವೂ ಇಲ್ಲ, ರಾಜಿಯೂ ಇಲ್ಲ.

ಫೋನಿಗೂ ಗುಟ್ಟಿನ ಗಿರಾಕಿಗಳುಂಟು ಎಂದು ನಮಗೆ ತಿಳಿದದ್ದು ಆಮೇಲೆ. ಏರಿಯಾ ಮ್ಯಾನೇಜರ್ ಮೇಡಂ ವರದಿ ಹಿಡಿದು ಬಂದರು. ಎಲ್ಲರನ್ನೂ ಆ ಫೋನ್ ಕೋಣೆಯ ಬಾಗಿಲಿಗೇ ಕರೆಸಿ ಗಟ್ಟಿಯಾಗಿ ಓದಿದರು. ಬೇಗ ಎತ್ತಿದರೇ? ಹೌದು. ಆರ್ಡರ್ ಮರಳಿ ಹೇಳಿದರೇ? ಹೌದು. ಧ್ವನಿಯಲ್ಲಿ ನಗು ಇತ್ತೇ?

"ಹೌದು!" ಎಂದರು ಮೇಡಂ. "ಷರಾ ಕೇಳಿ. 'ಇಷ್ಟು ನಗುನಗುತ್ತಾ ಮಾತಾಡಿದವರನ್ನು ನಾನು ಈವರೆಗೆ ಕೇಳಿಲ್ಲ.' ಪೂರ್ತಿ ಅಂಕ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮುಖ ನೋಡದ ಯಾರೋ ಒಬ್ಬರಿಗೆ ಕಂಡ ನಗು, ದಿನಾ ಮುಖ ನೋಡುವ ಇವರಿಗೆ ಕಾಣಲಿಲ್ಲವಲ್ಲ!

ಭಾವ ಎದ್ದು ನಿಂತರು. "ಹಾಗಾದ್ರೆ ನಾನು ಮೇಲೆ ಹೋಗ್ಬಹುದಾ ಮೇಡಂ? ನನ್ನ ಸಾಲಿಗೆ?"

ಮೇಡಂ ಮ್ಯಾನೇಜರ ಮುಖ ನೋಡಿದರು. "ಅದು... ಅದು ಬೇರೆ ಚೆಕ್‌ಲಿಸ್ಟ್ ಅಲ್ವಾ?"

"ಬೇರೆ ಬಾಯೇನ್ರೀ?" ಎಂದು ನಾನು ಕಿರುಚಿದೆ. "ಎರಡಕ್ಕೂ ಇದೇ ಬಾಯಿ ಅಲ್ವೇನ್ರೀ? ಕಣ್ಣು ತಪ್ಪಿಸ್ಬೇಡಿ, ನೋಡಿ ಹೇಳಿ!"

"ಪುಟ್ಟಿ, ಸುಮ್ನಿರು," ಎಂದರು ಭಾವ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಭ್ಯಾಸಬಲದಿಂದ ಅವರ ಕೈ ಅದರ ಮೇಲೆ ಹೋಯಿತು, ನಿಂತಿತು. ಕಿವಿಗೆ ಹಾಕುವ ಹೆಡ್‌ಫೋನನ್ನು ತೆಗೆದು ಮ್ಯಾನೇಜರ ಅಂಗೈಯಲ್ಲಿ ಇಟ್ಟರು. ಸಿಟ್ಟಿನಿಂದ ಅವರ ಮುಖದ ಬಲಭಾಗವೂ ಎಡಭಾಗದ ಹಾಗೇ ಆಗಿತ್ತು.

"ಎತ್ತಿ ಸಾರ್," ಎಂದರು. "ನಗ್ತಾ ಎತ್ತಿ. ಇಲ್ದಿದ್ರೆ ಆ ಕಡೆ ಇರೋರಿಗೆ ಗೊತ್ತಾಗತ್ತೆ."

ಹೇಳಿದವರೇ ಮೆಟ್ಟಿಲು ಹತ್ತಿ ಕಿಟಕಿ ಸಾಲಿಗೆ ಹೋಗಿ, ಕಾಯುತ್ತಿದ್ದವರಿಗೆ ನೀರು ಬಡಿಸತೊಡಗಿದರು. ಕೆಳಗೆ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.